ಹತ್ತು ದಾಖಲೆಗೆ ಒಂದೇ ಗುರುತು

ನಿಘಂಟಿನಲ್ಲಿ ‘ನೇಗಿಲು’ ಹುಡುಕುವವರನ್ನು ಗಮನಿಸಿ. ಅಂದಾಜಿನ ಮೇಲೆ ‘ನ’ ಇರುವ ಕಡೆ ಪುಸ್ತಕ ತೆರೆಯುತ್ತಾರೆ. ಆಮೇಲೆ ಅವರ ಕಣ್ಣು ಪುಟದ ಒಳಗಿನ ಪದಗಳ ಮೇಲೆ ಓಡುವುದಿಲ್ಲ, ಪುಟದ ನೆತ್ತಿಯನ್ನು ನೋಡುತ್ತದೆ. ಆ ಪುಟ ಯಾವ ಪದದಿಂದ ಶುರುವಾಗುತ್ತದೆ ಎಂದು ಅಲ್ಲಿ ಅಚ್ಚಾಗಿರುತ್ತದೆ. ಒಂದು ಪುಟದ ನೆತ್ತಿಯಲ್ಲಿ ‘ನೆರಳು’, ಅದರ ಮುಂದಿನ ಪುಟದಲ್ಲಿ ‘ನೇಮ’ ಎಂದಿದ್ದರೆ ಹುಡುಕಾಟ ಮುಗಿದಂತೆಯೇ. ನೇಗಿಲು ಇದ್ದರೆ ಮೊದಲ ಪುಟದಲ್ಲೇ ಇರಬೇಕು. ಅಲ್ಲಿ ಸಿಗದಿದ್ದರೆ ಇಡೀ ನಿಘಂಟಿನಲ್ಲಿ ಎಲ್ಲೂ ಇಲ್ಲ.

ಕಿಟ್ಟೆಲ್ ಅವರ 1894ರ ನಿಘಂಟಿನಲ್ಲಿ ಸುಮಾರು 70 ಸಾವಿರ ಪದಗಳಿವೆ. ಒಂದೊಂದು ಪದಕ್ಕೂ ಅದು ಯಾವ ಪುಟದಲ್ಲಿದೆ ಎಂದು ಬರೆದಿಡಲು ಹೊರಟರೆ 70 ಸಾವಿರ ಸಾಲುಗಳ ಇನ್ನೊಂದು ಪುಸ್ತಕವೇ ಬೇಕಾಗುತ್ತದೆ. ಪುಟಕ್ಕೊಂದೇ ಗುರುತು ಸಾಕು ಎಂದರೆ ಎರಡು ಸಾವಿರದೊಳಗೆ ಮುಗಿಯುತ್ತದೆ. ಹೀಗೆ ಜಿಪುಣತನ ಮಾಡಲು ಸಾಧ್ಯವಾಗುವುದು ಪದಗಳು ಅಕಾರಾದಿಯಾಗಿ ಸಾಲುಗಟ್ಟಿ ನಿಂತಿರುವುದರಿಂದ. ಒಂದು ಚರಿತ್ರೆಯ ಪುಸ್ತಕದ ಕೊನೆಯಲ್ಲಿರುವ ಪದಸೂಚಿಗೆ ಈ ಅನುಕೂಲವಿಲ್ಲ. ಪುಸ್ತಕದೊಳಗೆ ಹೆಸರುಗಳು ಕಥೆ ನಡೆದಂತೆ ಬರುತ್ತವೆಯೇ ಹೊರತು ಅಕ್ಷರ ಕ್ರಮದಲ್ಲಿ ಬರುವುದಿಲ್ಲ. ಅಲ್ಲಿ ಪ್ರತಿ ಹೆಸರಿಗೂ ಒಂದು ಸಾಲು ಕೊಡಲೇಬೇಕು.

ಕಂಪ್ಯೂಟರ್‌ನ ದೊಡ್ಡ ಫೈಲುಗಳಲ್ಲಿ ಹುಡುಕಲು ಇಡುವ ಇಂಡೆಕ್ಸ್‌ಗಳಲ್ಲಿ ಇರುವ ಮುಖ್ಯ ವ್ಯತ್ಯಾಸ ಇದೇ. ಪ್ರತಿ ದಾಖಲೆಗೂ ಒಂದು ನಮೂದು ಇಟ್ಟರೆ ಅದು ಡೆನ್ಸ್ ಇಂಡೆಕ್ಸ್; ನಾವು ದಟ್ಟ ಸೂಚಿ ಎನ್ನೋಣ. ದಾಖಲೆಗಳ ಒಂದೊಂದು ಗುಂಪಿಗೆ ಒಂದೇ ನಮೂದು ಇಟ್ಟರೆ ಸ್ಪಾರ್ಸ್ ಇಂಡೆಕ್ಸ್, ವಿರಳ ಸೂಚಿ. ಸೂಚಿಯೇ ದೊಡ್ಡದಾಗಿ, ಅದರೊಳಗೆ ಹುಡುಕಲು ಮತ್ತೊಂದು ಸೂಚಿ ಕಟ್ಟಿದರೆ ಬಹುಹಂತದ ಸೂಚಿ. ಪಠ್ಯಪುಸ್ತಕಗಳಲ್ಲಿ ಈ ಮೂರಕ್ಕೂ ಒಂದೊಂದು ವ್ಯಾಖ್ಯೆ ಕೊಟ್ಟು ಮುಂದೆ ಹೋಗುತ್ತಾರೆ. ನನಗೆ ಇವು ನಿಜವಾಗಿ ಅರ್ಥವಾದದ್ದು ಕಾಗದ, ಪೆನ್ನು ಹಿಡಿದು ಯಾವುದು ಎಷ್ಟು ಜಾಗ ನುಂಗುತ್ತದೆ ಎಂದು ಲೆಕ್ಕ ಹಾಕಿದಾಗ. ಆ ಲೆಕ್ಕವನ್ನು ಇಲ್ಲಿಯೂ ಮಾಡೋಣ.

ಒಂದು ವಿದ್ಯುತ್ ಕಂಪನಿಗೆ 1 ಕೋಟಿ ಗ್ರಾಹಕರಿದ್ದಾರೆ ಎಂದಿಟ್ಟುಕೊಳ್ಳಿ. ಪ್ರತಿ ಗ್ರಾಹಕರ ಹೆಸರು, ವಿಳಾಸ, ಮೀಟರಿನ ವಿವರ, ಬಾಕಿ ಎಲ್ಲ ಸೇರಿ ಒಂದು ದಾಖಲೆ. ಅದರ ಉದ್ದ 400 ಬೈಟ್. ದಾಖಲೆಗಳನ್ನು ಆರ್‌.ಆರ್‌. ನಂಬರಿನ ಕ್ರಮದಲ್ಲಿ ಜೋಡಿಸಿದೆ. ಡಿಸ್ಕ್ ನಮಗೆ ದಾಖಲೆಗಳನ್ನು ಒಂದೊಂದಾಗಿ ತಂದುಕೊಡುವುದಿಲ್ಲ, ಬ್ಲಾಕ್ ಲೆಕ್ಕದಲ್ಲಿ ತರುತ್ತದೆ. ಅಂಗಡಿಯಲ್ಲಿ ಒಂದು ಬೆಂಕಿಕಡ್ಡಿ ಕೇಳಿದರೂ ಇಡೀ ಪೆಟ್ಟಿಗೆಯನ್ನೇ ಕೊಡುವ ಹಾಗೆ. ಬ್ಲಾಕಿನ ಗಾತ್ರ 4,096 ಬೈಟ್ ಎಂದುಕೊಂಡರೆ ಅದರಲ್ಲಿ 10 ದಾಖಲೆ ಹಿಡಿಸಿ 96 ಬೈಟ್ ಖಾಲಿ ಉಳಿಯುತ್ತದೆ. ಹಾಗಾಗಿ ಇಡೀ ಫೈಲಿಗೆ 10 ಲಕ್ಷ ಬ್ಲಾಕ್ ಬೇಕು. ಒಟ್ಟು 4 ಗಿಗಾಬೈಟಿಗಿಂತ ತುಸು ಹೆಚ್ಚು.

ಸೂಚಿಯೇ ಇಲ್ಲದಿದ್ದರೂ ಫೈಲು ಕ್ರಮದಲ್ಲಿರುವುದರಿಂದ ಒಂದು ಉಪಾಯ ಉಂಟು. ನಡುವಿನ ಬ್ಲಾಕ್ ತೆರೆದು ನೋಡುವುದು. ಬೇಕಾದ ನಂಬರ್ ಅದಕ್ಕಿಂತ ದೊಡ್ಡದಾದರೆ ಮುಂದಿನ ಅರ್ಧ, ಚಿಕ್ಕದಾದರೆ ಹಿಂದಿನ ಅರ್ಧ, ಮತ್ತೆ ಅದರ ನಡುವು. 10 ಲಕ್ಷ ಬ್ಲಾಕುಗಳನ್ನು ಹೀಗೆ ಅರ್ಧ ಮಾಡುತ್ತ ಹೋದರೆ ಹೆಚ್ಚೆಂದರೆ 20 ಬ್ಲಾಕ್ ಓದಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಎಲ್ಲೋ ಇರುವ ಒಂದು ಬ್ಲಾಕನ್ನು ತರಲು ಸುಮಾರು 10 ಮಿಲಿಸೆಕೆಂಡ್ ಹಿಡಿಯುತ್ತದೆ, ಅಂದರೆ ಒಬ್ಬ ಗ್ರಾಹಕರ ದಾಖಲೆಗೆ ಸೆಕೆಂಡಿನ ಐದನೇ ಒಂದು ಭಾಗ. ಬಿಲ್ ಕೌಂಟರಿನಲ್ಲಿ ಒಬ್ಬರೇ ನಿಂತಿದ್ದರೆ ಇದು ಲೆಕ್ಕಕ್ಕೇ ಬರುವುದಿಲ್ಲ. ಊರೂರಿನ ನೂರಾರು ಕೌಂಟರುಗಳು ಒಂದೇ ಡಿಸ್ಕನ್ನು ಕೇಳುವಾಗ ಸೆಕೆಂಡಿಗೆ ಬರೀ ಐದು ಜನರಿಗೆ ಉತ್ತರ ಸಿಕ್ಕರೆ ಸಾಲು ಬೀದಿಗೆ ಬರುತ್ತದೆ.

ಮೊದಲು ದಟ್ಟ ಸೂಚಿ ಕಟ್ಟೋಣ. ಒಂದು ನಮೂದಿನಲ್ಲಿ ಎರಡೇ ಅಂಶ: ಆರ್‌.ಆರ್‌. ನಂಬರಿಗೆ 12 ಬೈಟ್, ದಾಖಲೆ ಎಲ್ಲಿದೆ ಎಂಬ ವಿಳಾಸಕ್ಕೆ 8 ಬೈಟ್. ಒಟ್ಟು 20. ಒಂದು ಬ್ಲಾಕಿನಲ್ಲಿ ಇಂಥ 204 ನಮೂದುಗಳು ಹಿಡಿಸುತ್ತವೆ. 1 ಕೋಟಿ ನಮೂದುಗಳಿಗೆ 49,020 ಬ್ಲಾಕ್, ಅಂದರೆ ಸುಮಾರು 200 ಮೆಗಾಬೈಟ್ ಬೇಕು. ಇದು ಫೈಲಿನ ಗಾತ್ರದ ನೂರಕ್ಕೆ ಐದು ಪಾಲು. ಪರವಾಗಿಲ್ಲ ಅನ್ನಿಸಬಹುದು. ಆದರೆ ಇಷ್ಟು ಜಾಗ ಕೊಟ್ಟು ಪಡೆದದ್ದೆಷ್ಟು ಎಂದು ನೋಡಿ. ಸೂಚಿಯಲ್ಲಿ ಅರ್ಧ ಅರ್ಧ ಮಾಡುತ್ತ ಹುಡುಕಲು 16 ಬ್ಲಾಕ್, ಆಮೇಲೆ ದಾಖಲೆಯ ಬ್ಲಾಕ್ 1, ಒಟ್ಟು 17. ಇಪ್ಪತ್ತು ಹೋಗಿ ಹದಿನೇಳಾಯಿತು, ಅಷ್ಟೇ. ಸೂಚಿ ಎಂದ ಮೇಲೆ ಹುಡುಕಾಟ ತಾನಾಗಿ ಚುರುಕಾಗುತ್ತದೆ ಎಂಬ ನಂಬಿಕೆ ಈ ಮೊದಲ ಲೆಕ್ಕದಲ್ಲೇ ಕುಸಿಯುತ್ತದೆ.

ಈಗ ವಿರಳ ಸೂಚಿ. ಬ್ಲಾಕಿಗೊಂದೇ ನಮೂದು: ಆ ಬ್ಲಾಕಿನ ಮೊದಲ ಆರ್‌.ಆರ್‌. ನಂಬರ್, ಜೊತೆಗೆ ಬ್ಲಾಕಿನ ವಿಳಾಸ. ನಮಗೆ ಬೇಕಾದ ನಂಬರಿಗೆ ಸಮವಾದ ಅಥವಾ ಅದಕ್ಕಿಂತ ಚಿಕ್ಕದಾದ ನಮೂದುಗಳಲ್ಲಿ ಕೊನೆಯದನ್ನು ಹಿಡಿದು, ಅದು ತೋರಿಸುವ ಬ್ಲಾಕನ್ನು ತಂದು, ಒಳಗಿನ ಹತ್ತು ದಾಖಲೆಗಳನ್ನು ನೋಡಿದರಾಯಿತು. ಬ್ಲಾಕ್ ಒಮ್ಮೆ ಮೆಮೊರಿಗೆ ಬಂದ ಮೇಲೆ ಹತ್ತು ದಾಖಲೆ ತಿರುವಿ ಹಾಕಲು ತಗಲುವ ಹೊತ್ತು ಡಿಸ್ಕಿನ ಒಂದು ಓದಿನ ಮುಂದೆ ಏನೂ ಅಲ್ಲ. ನಮೂದುಗಳು 10 ಲಕ್ಷ, ಅವಕ್ಕೆ ಬೇಕಾದ ಬ್ಲಾಕ್ 4,902, ಜಾಗ 20 ಮೆಗಾಬೈಟ್. ದಟ್ಟ ಸೂಚಿಯ ಹತ್ತನೇ ಒಂದು ಪಾಲು.

ಈ ‘ಹತ್ತು’ ಎಲ್ಲಿಂದ ಬಂತು ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನಂಬರಿನ ಉದ್ದದಿಂದ ಬಂದದ್ದಲ್ಲ, ವಿಳಾಸದ ಉದ್ದದಿಂದಲೂ ಅಲ್ಲ. ಒಂದು ಬ್ಲಾಕಿನಲ್ಲಿ ಎಷ್ಟು ದಾಖಲೆ ಹಿಡಿಸುತ್ತವೆಯೋ ಅಷ್ಟು ಪಟ್ಟು ಉಳಿತಾಯ. ದಾಖಲೆ ಉದ್ದವಾಗಿ ಬ್ಲಾಕಿಗೊಂದೇ ಹಿಡಿಸುವಂತಿದ್ದರೆ ದಟ್ಟ ಸೂಚಿಗೂ ವಿರಳ ಸೂಚಿಗೂ ಜಾಗದಲ್ಲಿ ವ್ಯತ್ಯಾಸವೇ ಇರುವುದಿಲ್ಲ. ದಾಖಲೆ ಚಿಕ್ಕದಾದಷ್ಟೂ ಅಂತರ ಹಿಗ್ಗುತ್ತದೆ. ಇದೇ ಕಂಪನಿ 40 ಬೈಟಿನ ಪುಟ್ಟ ದಾಖಲೆಗಳ ಇನ್ನೊಂದು ಫೈಲು ಇಟ್ಟಿದೆ ಎನ್ನಿ, ಮೀಟರ್ ಓದಿನ ಲೆಕ್ಕದ್ದು. ಅದರಲ್ಲೂ 1 ಕೋಟಿ ದಾಖಲೆ. ಬ್ಲಾಕಿಗೆ 102 ದಾಖಲೆಯಂತೆ ಇಡೀ ಫೈಲು 98,040 ಬ್ಲಾಕಿನಲ್ಲಿ ಮುಗಿಯುತ್ತದೆ. ಅದರ ದಟ್ಟ ಸೂಚಿ ಮಾತ್ರ ಹಿಂದಿನಂತೆಯೇ 49,020 ಬ್ಲಾಕ್, ಏಕೆಂದರೆ ನಮೂದುಗಳ ಸಂಖ್ಯೆ ಬದಲಾಗಿಲ್ಲ. ಮನೆಗಿಂತ ಜಗಲಿ ದೊಡ್ಡದು ಎನ್ನುವಷ್ಟಲ್ಲದಿದ್ದರೂ ಸೂಚಿ ಫೈಲಿನ ಅರ್ಧದಷ್ಟಾಯಿತು. ವಿರಳ ಸೂಚಿಗೆ 481 ಬ್ಲಾಕ್ ಸಾಕು. ಸಾಲುಗಟ್ಟಿದ ಸಣ್ಣ ದಾಖಲೆಗಳ ಮೇಲೆ ದಟ್ಟ ಸೂಚಿ ಕಟ್ಟುವುದು ಬಹುಮಟ್ಟಿಗೆ ದಂಡ ಎಂದು ನಾನು ಹೇಳುವುದು ಈ ಲೆಕ್ಕದ ಬಲದ ಮೇಲೆ.

ಮೊದಲ ಫೈಲಿಗೆ ಮರಳೋಣ. ವಿರಳ ಸೂಚಿಯ 4,902 ಬ್ಲಾಕಿನಲ್ಲಿ ಅರ್ಧ ಅರ್ಧ ಮಾಡುತ್ತ ಹುಡುಕಲು 13 ಓದು, ದಾಖಲೆಗೆ ಇನ್ನೊಂದು, ಒಟ್ಟು 14. ಜಾಗವೇನೋ ಉಳಿಯಿತು, ಹೊತ್ತು ಇನ್ನೂ ಹೆಚ್ಚೇ. ಯಾಕೆ ಹೀಗೆ? ಅರ್ಧ ಮಾಡುವ ಹುಡುಕಾಟದಲ್ಲಿ ನಾವು 204 ನಂಬರುಗಳಿರುವ ಬ್ಲಾಕನ್ನು ಅಷ್ಟು ದೂರದಿಂದ ತರಿಸಿ, ಅದರಿಂದ ‘ಮುಂದೆ’ ಅಥವಾ ‘ಹಿಂದೆ’ ಎಂಬ ಒಂದೇ ಮಾತು ಪಡೆದು ಬದಿಗಿಡುತ್ತೇವೆ. ಉಳಿದ ನಂಬರುಗಳಿಂದ ಏನೂ ಉಪಯೋಗವಾಗುವುದಿಲ್ಲ. ತಂದ ಬ್ಲಾಕಿನ ಎಲ್ಲ 204 ನಮೂದುಗಳೂ ದಾರಿ ತೋರಿಸುವಂತಿದ್ದರೆ ಒಂದೊಂದು ಓದಿಗೂ ಹುಡುಕುವ ಜಾಗ ಅರ್ಧವಾಗುವ ಬದಲು ಇನ್ನೂರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಏಳೆಂಟು ಸಲ ಅರ್ಧ ಮಾಡುವ ಕೆಲಸ ಒಂದೇ ಓದಿನಲ್ಲಿ ಆಗುತ್ತದೆ.

ಅದಕ್ಕೆ ಮಾಡಬೇಕಾದದ್ದು ಇಷ್ಟೇ. ವಿರಳ ಸೂಚಿಯೂ ಕ್ರಮದಲ್ಲಿ ಜೋಡಿಸಿದ ಒಂದು ಫೈಲೇ ಎಂದು ಕಾಣಬೇಕು. ಅದರ ಪ್ರತಿ ಬ್ಲಾಕಿನ ಮೊದಲ ನಂಬರನ್ನು ಎತ್ತಿ ಅದರ ಮೇಲೊಂದು ಸೂಚಿ ಕಟ್ಟಬೇಕು. 4,902 ನಮೂದುಗಳು 25 ಬ್ಲಾಕಿನಲ್ಲಿ ಹಿಡಿಸುತ್ತವೆ. ಆ 25ರ ಮೇಲೆ ಮತ್ತೊಂದು ಹಂತ. 25 ನಮೂದುಗಳಿಗೆ ಒಂದೇ ಬ್ಲಾಕ್ ಸಾಕು. ಇನ್ನು ಮೇಲೆ ಹೋಗುವುದಕ್ಕಿಲ್ಲ. ಹುಡುಕುವವರು ತುದಿಯ ಬ್ಲಾಕಿನಿಂದ ಇಳಿಯುತ್ತ ಬರುತ್ತಾರೆ: ಹಂತಕ್ಕೊಂದರಂತೆ 3 ಓದು, ದಾಖಲೆಗೆ 1, ಒಟ್ಟು 4. ಇಪ್ಪತ್ತರಿಂದ ನಾಲ್ಕಕ್ಕೆ ಇಳಿಸಿದ್ದು ಈ ಹೆಜ್ಜೆ.

ಇದಕ್ಕೆ ತೆತ್ತ ಬೆಲೆ 26 ಬ್ಲಾಕ್, ಒಂದು ಲಕ್ಷ ಬೈಟಿಗಿಂತ ಚೂರು ಹೆಚ್ಚು. ಕೆಳಗಿನ ಹಂತದ 4,902ರ ಪಕ್ಕದಲ್ಲಿ ಇದು ನೂರಕ್ಕೆ ಅರ್ಧ. ಇದು ನಮ್ಮ ಉದಾಹರಣೆಯ ಅದೃಷ್ಟವಲ್ಲ. ಪ್ರತಿ ಹಂತವೂ ತನ್ನ ಕೆಳಗಿನದರ 204ರಲ್ಲಿ ಒಂದು ಪಾಲು. ಅದರ ಮೇಲಿನದು ಆ ಪಾಲಿನ 204ರಲ್ಲಿ ಒಂದು ಪಾಲು. ಇವನ್ನೆಲ್ಲ ಎಷ್ಟೇ ಎತ್ತರದವರೆಗೆ ಕೂಡುತ್ತ ಹೋದರೂ ಮೊತ್ತ ಕೆಳಹಂತದ 203ರಲ್ಲಿ ಒಂದು ಪಾಲನ್ನು ದಾಟುವುದಿಲ್ಲ; ಕೊನೆಯ ಬ್ಲಾಕುಗಳು ಪೂರ್ತಿ ತುಂಬದೆ ಉಳಿಯುವುದರಿಂದ ಒಂದೆರಡು ಬ್ಲಾಕ್ ಆಚೀಚೆ ಆದೀತು ಅಷ್ಟೇ. ಸೂಚಿಯ ಗಾತ್ರವನ್ನು ನಿರ್ಧರಿಸುವುದು ನೆಲಮಹಡಿ. ಅದನ್ನು ದಟ್ಟವಾಗಿ ಕಟ್ಟುತ್ತೇವೋ ವಿರಳವಾಗಿಯೋ ಎಂಬಲ್ಲೇ ಇಡೀ ಖರ್ಚು ತೀರ್ಮಾನವಾಗುತ್ತದೆ. ಅದರ ಮೇಲಿನ ಮಹಡಿಗಳಿಗೆ ಹೆಚ್ಚುಕಡಿಮೆ ಬಾಡಿಗೆಯೇ ಇಲ್ಲ.

ದಟ್ಟ ಸೂಚಿಯ ಮೇಲೆಯೂ ಹೀಗೆ ಹಂತ ಕಟ್ಟಬಹುದು, ಕಟ್ಟುತ್ತಾರೆ ಕೂಡ. 49,020 ಬ್ಲಾಕಿನ ಮೇಲೆ 241 ಬ್ಲಾಕ್, ಅದರ ಮೇಲೆ 2, ತುದಿಗೆ 1. ಇಲ್ಲಿ 241 ನಮೂದುಗಳು ಒಂದೇ ಬ್ಲಾಕಿನಲ್ಲಿ ಹಿಡಿಸದೆ ಹೋದದ್ದರಿಂದ ಮತ್ತೊಂದು ಹಂತ ಏರಬೇಕಾಯಿತು. ದಟ್ಟ ಸೂಚಿಯಿಂದ ದಾಖಲೆ ಮುಟ್ಟಲು 5 ಓದು ಬೇಕು. ಹತ್ತು ಪಟ್ಟು ಜಾಗವನ್ನೂ ಕೊಟ್ಟು ಒಂದು ಓದು ಹೆಚ್ಚಿಗೂ ತೆತ್ತಂತಾಯಿತು. ಒಂದು ಮಾತು ಗಮನಿಸಬೇಕು: ಎರಡನೆಯ ಹಂತದಿಂದ ಮೇಲಕ್ಕೆ ಸೂಚಿ ಯಾವಾಗಲೂ ವಿರಳವೇ. ದಟ್ಟ ಸೂಚಿಯ ಮೇಲೆ ಮತ್ತೊಂದು ದಟ್ಟ ಸೂಚಿ ಇಟ್ಟರೆ ಅಷ್ಟೇ ನಮೂದುಗಳ ಇನ್ನೊಂದು ಪ್ರತಿ ಸಿಗುತ್ತದೆ, ಗಾತ್ರ ಕುಗ್ಗುವುದೇ ಇಲ್ಲ.

ಇಂದಿನ ಯಂತ್ರದಲ್ಲಿ ಮೇಲಿನ 26 ಬ್ಲಾಕುಗಳು ಮೆಮೊರಿಯಲ್ಲೇ ಕೂತಿರುತ್ತವೆ, ಡಿಸ್ಕಿಗೆ ಹೋಗುವುದು ಎರಡೇ ಸಲ. 20 ಮೆಗಾಬೈಟನ್ನೂ ಮೆಮೊರಿಯಲ್ಲಿ ಇಟ್ಟುಕೊಂಡರೆ ಒಂದೇ ಸಲ. ಹಾಗಿದ್ದರೆ ಈ ಇಪ್ಪತ್ತು, ಇನ್ನೂರರ ಚಿಂತೆ ಯಾಕೆ ಎಂದು ಕೇಳಬಹುದು. ಈ ಉಪಾಯಗಳು ಹುಟ್ಟಿದ ಕಾಲಕ್ಕೆ ಹೋಗಿ ನೋಡಿದರೆ ಉತ್ತರ ಸಿಗುತ್ತದೆ.

1964ರಲ್ಲಿ ಐಬಿಎಂ ತನ್ನ ಸಿಸ್ಟಂ/360 ಯಂತ್ರಗಳನ್ನು ಪ್ರಕಟಿಸಿತು. ಅವುಗಳಲ್ಲಿ ಚಿಕ್ಕದೊಂದಾದ ಮಾಡೆಲ್ 30ರ ಮೆಮೊರಿ ಹೆಚ್ಚೆಂದರೆ 64 ಕಿಲೋಬೈಟ್. ಜೊತೆಗಿದ್ದ 2311 ಎಂಬ ಡಿಸ್ಕ್ ಡ್ರೈವಿನಲ್ಲಿ ದಾಖಲೆ ಬರೆಯುವ 10 ಮೈಗಳು, ಒಂದೊಂದರಲ್ಲೂ 200 ಟ್ರ್ಯಾಕ್, ಟ್ರ್ಯಾಕಿಗೆ 3,625 ಬೈಟ್, ಒಟ್ಟು 72.5 ಲಕ್ಷ ಬೈಟ್. ನಮ್ಮ ವಿರಳ ಸೂಚಿಯನ್ನು ಅಲ್ಲಿ ಇಡಬೇಕೆಂದರೆ ಅದಕ್ಕೇ 3 ಡಿಸ್ಕ್ ಪ್ಯಾಕ್ ಬೇಕು. ದಟ್ಟ ಸೂಚಿಗೆ 28. ಒಂದೊಂದು ಪ್ಯಾಕನ್ನೂ ಕೈಯಲ್ಲಿ ಎತ್ತಿ ಡ್ರೈವಿಗೆ ಕೂರಿಸುತ್ತಿದ್ದ ಕಾಲದಲ್ಲಿ ಮೂರಕ್ಕೂ ಇಪ್ಪತ್ತೆಂಟಕ್ಕೂ ನಡುವಿನ ವ್ಯತ್ಯಾಸ ಕೋಣೆಯ ಅಳತೆಯನ್ನೇ ಬದಲಿಸುವಂಥದ್ದು.

ಆ ಯಂತ್ರಗಳಿಗಾಗಿ ಐಬಿಎಂ ಮಾಡಿದ ಫೈಲು ವ್ಯವಸ್ಥೆಯ ಹೆಸರು ISAM. ಬಹುಹಂತದ ವಿರಳ ಸೂಚಿಗೆ ಅದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ನನಗೆ ಗೊತ್ತಿಲ್ಲ. ಡಿಸ್ಕಿನ ತೋಳು ಒಂದು ಕಡೆ ನಿಂತಾಗ, ತಿರುಗದೆ ಕದಲದೆ ಹತ್ತೂ ಮೈಗಳ ಒಂದೊಂದು ಟ್ರ್ಯಾಕ್ ಅದರ ಕೈಗೆ ಸಿಗುತ್ತವೆ. ಆ ಹತ್ತು ಟ್ರ್ಯಾಕುಗಳ ಗುಂಪಿಗೆ ಸಿಲಿಂಡರ್ ಎಂದು ಹೆಸರು. ISAM ಪ್ರತಿ ಸಿಲಿಂಡರಿನ ಮೊದಲ ಟ್ರ್ಯಾಕಿನಲ್ಲಿ ಆ ಸಿಲಿಂಡರಿನದೇ ಸೂಚಿಯನ್ನು ಇಡುತ್ತಿತ್ತು: ಯಾವ ಟ್ರ್ಯಾಕ್ ಯಾವ ನಂಬರಿಗೆ ಕೊನೆಯಾಗುತ್ತದೆ ಎಂದು. ನಿಘಂಟಿನ ನೆತ್ತಿಯಲ್ಲಿ ಮೊದಲ ಪದ ಇದ್ದರೆ ಇಲ್ಲಿ ಕೊನೆಯ ನಂಬರ್, ತತ್ವ ಒಂದೇ. ಅದರ ಮೇಲೆ ಸಿಲಿಂಡರುಗಳ ಸೂಚಿ, ಅದೂ ದೊಡ್ಡದಾದರೆ ಅದರ ಮೇಲೆ ಮಾಸ್ಟರ್ ಸೂಚಿ. ಸಿಲಿಂಡರ್ ಯಾವುದೆಂದು ಗೊತ್ತಾದ ಮೇಲೆ ತೋಳು ಒಮ್ಮೆ ಅಲ್ಲಿಗೆ ಸರಿದರೆ ಸಾಕು. ಕೆಳಹಂತದ ಸೂಚಿಯೂ ದಾಖಲೆಯೂ ಅಲ್ಲೇ ಇರುತ್ತವೆ, ತೋಳು ಮತ್ತೆ ಕದಲಬೇಕಿಲ್ಲ. ಹೋಗಬೇಕಾದ ಊರಲ್ಲೇ ದಾರಿ ಹೇಳುವವರನ್ನು ನಿಲ್ಲಿಸಿದ ಹಾಗೆ.

ವಿರಳ ಸೂಚಿ ಇಷ್ಟು ಉಳಿಸುವುದು ಒಂದು ನಂಬಿಕೆಯ ಮೇಲೆ: ಫೈಲು ಕ್ರಮದಲ್ಲಿದೆ, ಮತ್ತು ಹುಡುಕುವವರು ಅದೇ ಕ್ರಮವನ್ನು ಒಪ್ಪಿದ್ದಾರೆ. ಈ ನಂಬಿಕೆ ಕೆಟ್ಟರೆ ಏನಾಗುತ್ತದೆ ಎಂಬುದು ತಿಳಿದಿರಬೇಕು, ಏಕೆಂದರೆ ಆಗ ಯಂತ್ರ ಕೂಗಿಕೊಳ್ಳುವುದಿಲ್ಲ. ದಾಖಲೆ ಫೈಲಿನಲ್ಲಿ ಇದ್ದೂ ‘ಇಲ್ಲ’ ಎಂಬ ಉತ್ತರ ಬರುತ್ತದೆ. ನಂಬರುಗಳನ್ನು ಸಂಖ್ಯೆಗಳೆಂದು ಜೋಡಿಸಿದರೆ 999ರ ನಂತರ 1000 ಬರುತ್ತದೆ; ಅಕ್ಷರಗಳೆಂದು ಜೋಡಿಸಿದರೆ 1000 ಮೊದಲು, 999 ಎಷ್ಟೋ ಆಮೇಲೆ. ಜೋಡಿಸಿದವರು ಒಂದು ಬಗೆ, ಹುಡುಕುವವರು ಇನ್ನೊಂದು ಬಗೆ ಎಂದಾದರೆ ಸೂಚಿ ಬೇರೆಯೇ ಬ್ಲಾಕಿಗೆ ಕಳುಹಿಸುತ್ತದೆ. ಇದು ಹೊಸಬರು ಮಾಡುವ ತಪ್ಪು ಮಾತ್ರವಲ್ಲ. 2018ರಲ್ಲಿ ಲಿನಕ್ಸ್ ಯಂತ್ರಗಳ ಮೂಲ ಲೈಬ್ರರಿಯಾದ glibc ತನ್ನ 2.28ನೇ ಆವೃತ್ತಿಯಲ್ಲಿ ಅಕ್ಷರಗಳ ಕ್ರಮದ ನಿಯಮ ಬದಲಿಸಿತು. ಅಮೆರಿಕನ್ ಇಂಗ್ಲಿಷಿನ ಕ್ರಮದಲ್ಲಿ ಮೊದಲು `11` ಮುಂದೆ, `1-1` ಹಿಂದೆ ಇತ್ತು. ಹೊಸದರಲ್ಲಿ `1-1` ಮುಂದೆ ಬಂತು. ಹಳೆಯ ಕ್ರಮದಲ್ಲಿ ಕಟ್ಟಿದ್ದ PostgreSQL ಸೂಚಿಗಳು ಯಂತ್ರವನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ ತಪ್ಪು ದಾರಿ ತೋರಿಸತೊಡಗಿದವು. ಆ ಸೂಚಿಗಳನ್ನು ಪುನಃ ಕಟ್ಟದೆ ಬೇರೆ ದಾರಿಯಿರಲಿಲ್ಲ. ಒಂದು ಸೂಚಿಯ ಕ್ರಮ ಕೆಟ್ಟಿದೆಯೇ ಎಂದು ಪರೀಕ್ಷಿಸಲು ಅಲ್ಲಿ `bt_index_check` ಎಂಬ ಸಾಧನವಿದೆ.

ಇನ್ನೊಂದು ತೊಡಕು ಇನ್ನೂ ಸೂಕ್ಷ್ಮ. ಒಂದೇ ನಂಬರ್ ಹಲವು ದಾಖಲೆಗಳಲ್ಲಿ ಬಂದರೆ? ಬಿಲ್ ಕಟ್ಟಿದ ರಸೀದಿಗಳ ಫೈಲು ನೋಡಿ. ಅದನ್ನೂ ಆರ್‌.ಆರ್‌. ನಂಬರಿನ ಕ್ರಮದಲ್ಲಿ ಜೋಡಿಸಿದೆ, ಒಬ್ಬೊಬ್ಬರದು ತಿಂಗಳಿಗೊಂದು ರಸೀದಿ. 7ನೇ ಬ್ಲಾಕ್ 4410ರಿಂದ ಶುರುವಾಗುತ್ತದೆ, 8ನೆಯದು 4415ರಿಂದ, 9ನೆಯದೂ 4415ರಿಂದಲೇ, 10ನೆಯದು 4421ರಿಂದ. ಈಗ 4415ರ ರಸೀದಿಗಳು ಬೇಕು. ಮೊದಲು ಹೇಳಿದ ನಿಯಮದಂತೆ, ಸಮ ಅಥವಾ ಚಿಕ್ಕದಾದ ಕೊನೆಯ ನಮೂದನ್ನು ಹಿಡಿದರೆ 9ನೇ ಬ್ಲಾಕಿಗೆ ಹೋಗುತ್ತೇವೆ. 8ನೆಯದರ ಹತ್ತೂ ರಸೀದಿ ತಪ್ಪಿಹೋದವು. ನಮೂದುಗಳಲ್ಲಿ ಮೊದಲು ಸಿಗುವ 4415ಕ್ಕೆ ಹೋದರೂ ಸಾಲದು. 7ನೇ ಬ್ಲಾಕಿನ ಬಾಲದಲ್ಲಿ 4415ರ ಒಂದೆರಡು ರಸೀದಿಗಳಿರಬಹುದು, ಅವು ಇವೆಯೆಂದು ಸೂಚಿಗೆ ಗೊತ್ತೇ ಇಲ್ಲ. ಸರಿಯಾದ ದಾರಿ ಎಂದರೆ 4415ಕ್ಕಿಂತ ಖಂಡಿತವಾಗಿ ಚಿಕ್ಕದಾದ ಕೊನೆಯ ನಮೂದಿಗೆ, ಅಂದರೆ 7ನೆಯದಕ್ಕೆ ಹೋಗಿ, ಅಲ್ಲಿಂದ ಮುಂದೆ ದೊಡ್ಡ ನಂಬರ್ ಸಿಗುವವರೆಗೂ ಓದುತ್ತ ಬರುವುದು. ಪಟ್ಟಿಯಲ್ಲಿ ಹಳೆಯ ರಸೀದಿಗಳು ಮಾತ್ರ ಕಾಣೆಯಾಗಿ ಹೊಸವು ಸರಿಯಾಗಿ ಬರುತ್ತಿದ್ದರೆ ತಪ್ಪು ಇಲ್ಲೇ ಎಂದು ಅನುಮಾನಿಸಬೇಕು.

ಫೈಲು ಒಮ್ಮೆ ಕಟ್ಟಿದ ಮೇಲೆ ಹಾಗೆಯೇ ನಿಲ್ಲುವುದಿಲ್ಲವಲ್ಲ. ಒಂದು ದಾಖಲೆ ಅಳಿಸಿದರೆ ವಿರಳ ಸೂಚಿಗೆ ತೊಂದರೆಯೇ ಇಲ್ಲ. ಬ್ಲಾಕಿನ ಮೊದಲ ದಾಖಲೆಯೇ ಹೋದರೂ ಸೂಚಿಯಲ್ಲಿರುವ ಅದರ ನಂಬರ್ ಗಡಿಕಲ್ಲಿನ ಹಾಗೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಹೊಲದ ಯಜಮಾನ ಇಲ್ಲವಾದ ಮಾತ್ರಕ್ಕೆ ಗಡಿ ಸರಿಯುವುದಿಲ್ಲ. ದಟ್ಟ ಸೂಚಿಯಲ್ಲಾದರೆ ಪ್ರತಿ ಅಳಿಸುವಿಕೆಗೂ ಪ್ರತಿ ಸೇರಿಸುವಿಕೆಗೂ ಒಂದು ತಿದ್ದುಪಡಿ ಕಟ್ಟಿಟ್ಟದ್ದು.

ಕಷ್ಟ ಇರುವುದು ಸೇರಿಸುವಾಗ. ಹೊಸ ಗ್ರಾಹಕರ ನಂಬರ್ ಯಾವುದೋ ನಡುವಿನ ಬ್ಲಾಕಿಗೆ ಸೇರಬೇಕು, ಅಲ್ಲಿ ಹತ್ತೂ ಜಾಗ ತುಂಬಿವೆ. ISAMನಲ್ಲಿ ಇಂಥವು ಬೇರೆಯಾಗಿ ಮೀಸಲಿಟ್ಟ ಓವರ್‌ಫ್ಲೋ ಜಾಗಕ್ಕೆ ಹೋಗುತ್ತಿದ್ದವು. ಮೂಲ ಜಾಗದಿಂದ ಅಲ್ಲಿಗೆ ಕೊಂಡಿ ಹಾಕುತ್ತಿದ್ದರು. ಹೊಸಬರು ಫೈಲಿನ ಉದ್ದಕ್ಕೂ ಚದುರಿ ಬಂದರೆ ಇದರಿಂದ ಹೆಚ್ಚು ಬಾಧೆಯಿಲ್ಲ. ಆದರೆ ಊರ ಹೊರಗೆ ಹೊಸ ಅಪಾರ್ಟ್‌ಮೆಂಟ್ ಎದ್ದು, 500 ಮನೆಗಳಿಗೆ ಒಂದೇ ಬ್ಲಾಕಿನ ವ್ಯಾಪ್ತಿಗೆ ಬೀಳುವ ಸಾಲು ನಂಬರುಗಳು ಸಿಕ್ಕವು ಎನ್ನಿ. ಆ ಒಂದು ಬ್ಲಾಕಿನ ಹಿಂದೆ 50 ಬ್ಲಾಕುಗಳ ಸರಪಳಿ ಬೆಳೆಯುತ್ತದೆ. ಬೇರೆಯವರ ದಾಖಲೆಗೆ ಎಂದಿನಂತೆ 4 ಓದು. ಅಲ್ಲಿನ ಕೊನೆಯ ಮನೆಗೆ 54. ಇಡೀ ಫೈಲಿನ ಸರಾಸರಿ ನೋಡಿದರೆ ಏನೂ ಕೆಟ್ಟಂತೆ ಕಾಣುವುದಿಲ್ಲ, ಆದ್ದರಿಂದಲೇ ಈ ರೋಗ ತಡವಾಗಿ ಗೊತ್ತಾಗುತ್ತದೆ. ಒಂದು ಬಡಾವಣೆಯವರಿಗೆ ಮಾತ್ರ ಕೌಂಟರಿನಲ್ಲಿ ತಡವಾಗುತ್ತಿದ್ದರೆ ಸರಪಳಿಯ ಉದ್ದ ಅಳೆಯಬೇಕು. ಮದ್ದು ಒಂದೇ ಇತ್ತು: ಕೆಲಸ ನಿಲ್ಲಿಸಿ ಇಡೀ ಫೈಲನ್ನು ಮತ್ತೆ ಕ್ರಮದಲ್ಲಿ ಬರೆದು ಸೂಚಿಯನ್ನು ಹೊಸದಾಗಿ ಕಟ್ಟುವುದು.

ಮುಂಜಾಗ್ರತೆಯಾಗಿ ಬ್ಲಾಕಿಗೆ ಎಂಟೇ ದಾಖಲೆ ತುಂಬಿ ಎರಡು ಜಾಗ ಖಾಲಿ ಬಿಡಬಹುದು. ಆಗ ಫೈಲಿಗೆ 12.5 ಲಕ್ಷ ಬ್ಲಾಕ್ ಬೇಕಾಗುತ್ತದೆ, ಅದು 4ರಿಂದ 5 ಗಿಗಾಬೈಟಿಗೆ ಹಿಗ್ಗುತ್ತದೆ. ವಿರಳ ಸೂಚಿಯೂ 25 ಮೆಗಾಬೈಟಿಗೆ ಏರುತ್ತದೆ, ಬ್ಲಾಕುಗಳು ಹೆಚ್ಚಾದವಲ್ಲ. ದಟ್ಟ ಸೂಚಿ ಮಾತ್ರ ಇದ್ದಲ್ಲೇ ಇರುತ್ತದೆ, ಅದು ಎಣಿಸುವುದು ದಾಖಲೆಗಳನ್ನು.

ದಟ್ಟ ಸೂಚಿಯನ್ನು ಇಷ್ಟು ಹೊತ್ತು ದುಬಾರಿ ಎಂದೇ ಹೇಳಿದೆ. ಅದಿಲ್ಲದೆ ನಡೆಯದ ಜಾಗವೂ ಇದೆ. ಆರ್‌.ಆರ್‌. ನಂಬರ್ ಮರೆತ ಗ್ರಾಹಕರೊಬ್ಬರು ಮೊಬೈಲ್ ನಂಬರ್ ಹೇಳುತ್ತಾರೆ. ಫೈಲು ಮೊಬೈಲ್ ನಂಬರಿನ ಕ್ರಮದಲ್ಲಿಲ್ಲ; ಒಂದೇ ಬ್ಲಾಕಿನ ಹತ್ತು ಜನರ ಮೊಬೈಲ್ ನಂಬರುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಬ್ಲಾಕಿನ ಮೊದಲನೆಯವರ ಮೊಬೈಲ್ ನಂಬರ್ ಬರೆದಿಟ್ಟರೆ ಉಳಿದ ಒಂಬತ್ತು ಜನರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇಲ್ಲಿ ಒಬ್ಬೊಬ್ಬರಿಗೂ ಒಂದು ನಮೂದು ಬೇಕೇ ಬೇಕು, ಚರಿತ್ರೆ ಪುಸ್ತಕದ ಪದಸೂಚಿಯ ಹಾಗೆ. ಒಂದು ಫೈಲನ್ನು ಒಂದೇ ಕ್ರಮದಲ್ಲಿ ಜೋಡಿಸಲು ಸಾಧ್ಯ, ಆದ್ದರಿಂದ ಮೂಲ ದಾಖಲೆಗಳ ಮೇಲೆ ನೇರವಾಗಿ ಬ್ಲಾಕಿಗೊಂದು ನಮೂದಿನ ಅಗ್ಗದ ಸೂಚಿ ಸಿಗುವುದು ಆ ಒಂದು ಕ್ರಮಕ್ಕೆ ಮಾತ್ರ. ಉಳಿದ ಪ್ರತಿ ಹುಡುಕಾಟಕ್ಕೂ ಈ ಉದಾಹರಣೆಯಲ್ಲಿ ಇನ್ನೂರು ಮೆಗಾಬೈಟಿನಷ್ಟು ತೆರಬೇಕು. ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬ ಆಯ್ಕೆಯನ್ನು ಅಷ್ಟು ಯೋಚಿಸಿ ಮಾಡುವುದು ಅದಕ್ಕೇ. ದಟ್ಟ ಸೂಚಿಗೆ ಇನ್ನೊಂದು ಗುಣವಿದೆ: ಒಂದು ನಂಬರ್ ಇದೆಯೇ ಇಲ್ಲವೇ ಎಂದಷ್ಟೇ ತಿಳಿಯಬೇಕಾದರೆ ಸೂಚಿಯೇ ಉತ್ತರ ಹೇಳುತ್ತದೆ, ಫೈಲನ್ನು ಮುಟ್ಟಬೇಕಿಲ್ಲ. ವಿರಳ ಸೂಚಿ ‘ಇದ್ದರೆ ಇಲ್ಲಿ’ ಎನ್ನುವುದಕ್ಕಿಂತ ಹೆಚ್ಚು ಹೇಳಲಾರದು.

ಓವರ್‌ಫ್ಲೋ ಸರಪಳಿಗೆ ಪರಿಹಾರ ಸಿಕ್ಕಿದ್ದು 1970ರಲ್ಲಿ. ಬೋಯಿಂಗ್ ಕಂಪನಿಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಬಿ-ಟ್ರೀ ಎಂಬ ರಚನೆಯನ್ನು ಮುಂದಿಟ್ಟರು. ತುಂಬಿದ ಬ್ಲಾಕಿನ ಹಿಂದೆ ಬಾಲ ಕಟ್ಟುವ ಬದಲು ಅದನ್ನು ಎರಡಾಗಿ ಸೀಳಿ, ಹೊಸ ಅರ್ಧಕ್ಕೆ ಮೇಲಿನ ಹಂತದಲ್ಲಿ ಒಂದು ನಮೂದು ಸೇರಿಸುವುದು. ಮೇಲಿನದೂ ತುಂಬಿದ್ದರೆ ಅದನ್ನೂ ಸೀಳುವುದು. ಇದಕ್ಕೂ ಬೆಲೆ ಜಾಗದಲ್ಲೇ. ಸೀಳಿದ ಬ್ಲಾಕುಗಳು ಅರ್ಧ ಖಾಲಿಯಿರುತ್ತವೆ, ದಾಖಲೆಗಳು ಯಾವ ಕ್ರಮವೂ ಇಲ್ಲದೆ ಬರುತ್ತಿದ್ದರೆ ಸರಾಸರಿ ನೂರಕ್ಕೆ 69ರಷ್ಟು ತುಂಬಿರುತ್ತವೆ. ನಮ್ಮ ಫೈಲನ್ನೂ ಸೂಚಿಯನ್ನೂ ಹೀಗೆ ಬೆಳೆಯಲು ಬಿಟ್ಟರೆ ಬ್ಲಾಕಿಗೆ ಏಳರ ಸಮೀಪದಷ್ಟು ದಾಖಲೆ ನಿಂತು ಫೈಲು ಸುಮಾರು 6 ಗಿಗಾಬೈಟ್ ಆಗುತ್ತದೆ. ವಿರಳ ಸೂಚಿಯ ನಮೂದುಗಳೂ ಹೆಚ್ಚಿ, ಅವನ್ನು ಹಿಡಿದ ಬ್ಲಾಕುಗಳೂ ಸಡಿಲವಾಗಿ, 20 ಮೆಗಾಬೈಟ್ ಇದ್ದದ್ದು 42ರ ಹತ್ತಿರ ಬರುತ್ತದೆ. ಹಂತಗಳು ಮಾತ್ರ ಮೂರೇ ಉಳಿಯುತ್ತವೆ. ಹೊಸ ಅಪಾರ್ಟ್‌ಮೆಂಟಿನ ಐನೂರನೇ ಮನೆಯ ದಾಖಲೆಗೂ ಈಗ ನಾಲ್ಕೇ ಓದು.